ಏಳು ಅಕ್ಷರಗಳಲ್ಲಿ ಒಂದು ಹರ್ನಿಯಾ

ದಾವಣಗೆರೆಯ ಕಿರಾಣಿ ವ್ಯಾಪಾರಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು 52. ಅಕ್ಕಿ ಮೂಟೆ ಎತ್ತಿದಾಗೆಲ್ಲ ಬಲ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಸರ್ಜನ್ ನೋಡಿ ಇಂಗ್ವೈನಲ್ ಹರ್ನಿಯಾ ಎನ್ನುತ್ತಾರೆ, ಅಂದರೆ ಹೊಟ್ಟೆಯ ಗೋಡೆಯ ದುರ್ಬಲ ಜಾಗದಿಂದ ಕರುಳು ತೊಡೆಸಂದಿಗೆ ತಳ್ಳಿಕೊಂಡು ಬಂದಿದೆ. ಚರ್ಮ ಕೊಯ್ದು, ಕರುಳನ್ನು ಒಳಗೆ ಸೇರಿಸಿ, ಹೊಟ್ಟೆಯ ಗೋಡೆ ದುರ್ಬಲವಾದ ಕಡೆ ಪಾಲಿಪ್ರೊಪಿಲೀನ್ ಮೆಶ್, ಅಂದರೆ ಪ್ಲಾಸ್ಟಿಕ್ ಎಳೆಯ ಬಲೆ, ಇಟ್ಟು ಹೊಲಿಯುತ್ತಾರೆ. ಮೂರನೇ ದಿನ ಡಿಸ್ಚಾರ್ಜ್. ಬಿಲ್ ಕೈಯಿಂದ ಕಟ್ಟಿ, ವಿಮಾ ಕಂಪನಿಗೆ ಕ್ಲೇಮ್ ಫಾರ್ಮ್ ಕಳಿಸಿ ಕಾಯುತ್ತಾರೆ. ಎರಡು ವಾರಕ್ಕೆ ಹಣದ ಬದಲು ಪತ್ರ ಬರುತ್ತದೆ: ‘ಶಸ್ತ್ರಚಿಕಿತ್ಸೆಯ ಕೋಡ್‌ಗೂ ದಾಖಲೆಗಳಿಗೂ ಹೊಂದಾಣಿಕೆಯಿಲ್ಲ, ವಿವರಣೆ ಕೊಡಿ.’

ಆಪರೇಷನ್‌ನಲ್ಲಿ ಯಾವ ತಪ್ಪೂ ಆಗಿರಲಿಲ್ಲ. ತಪ್ಪು ಇದ್ದದ್ದು ಕ್ಲೇಮ್ ಫಾರ್ಮಿನ ‘ಬಿ’ ಭಾಗದಲ್ಲಿ. ಇದನ್ನು ತುಂಬುವುದು ರೋಗಿಯಲ್ಲ, ಆಸ್ಪತ್ರೆ. ರೋಗಿಗೆ ಅದರಲ್ಲಿ ಏನಿದೆಯೆಂದು ಗೊತ್ತೇ ಇರುವುದಿಲ್ಲ. ಆಸ್ಪತ್ರೆಗಳ ಫೈಲ್‌ಗಳಿಗೆ ಕೋಡ್ ಹಾಕುವ ಕೆಲಸ ಮಾಡುವ ನನಗೆ ಇದು ಬಹಳ ಬೇಸರದ ಸಂಗತಿ. ಆ ಭಾಗದಲ್ಲಿ ಎರಡು ಬಗೆಯ ಕೋಡ್‌ಗಳಿಗೆ ಜಾಗವಿದೆ: ಏನು ಕಾಯಿಲೆ ಎಂಬುದಕ್ಕೆ ಒಂದು, ಏನು ಮಾಡಿದರು ಎಂಬುದಕ್ಕೆ ಇನ್ನೊಂದು.

ಕಾಯಿಲೆಯ ಕೋಡ್ ಬರುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಿಂದ. ತೊಡೆಸಂದಿನ ಹರ್ನಿಯಾಕ್ಕೆ K40, ಹೊಕ್ಕುಳಿನ ಹರ್ನಿಯಾಕ್ಕೆ K42. K40ರಲ್ಲಿ ಚುಕ್ಕೆಯ ನಂತರದ ಅಂಕಿ ಎರಡು ವಿಷಯ ಹೇಳುತ್ತದೆ: ಹರ್ನಿಯಾ ಒಂದೇ ಬದಿಗೋ ಎರಡೂ ಬದಿಗೋ, ಮತ್ತು ಕರುಳು ಸಿಕ್ಕಿಹಾಕಿಕೊಂಡಿದೆಯೋ ಇಲ್ಲವೋ. ನಮ್ಮ ವ್ಯಾಪಾರಿಯ ಉಬ್ಬು ಒಂದೇ ಬದಿಯದು, ಮಲಗಿದರೆ ಒಳಗೆ ಹೋಗುತ್ತಿತ್ತು. ಹಾಗಾಗಿ K40.9. ಅದು ಒಳಗೆ ಹೋಗದೆ ಸಿಕ್ಕಿಕೊಂಡಿದ್ದರೆ K40.3 ಆಗುತ್ತಿತ್ತು. ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯದೆ ಕೊಳೆತಿದ್ದರೆ K40.4. ಒಂದು ಅಂಕಿಯ ವ್ಯತ್ಯಾಸದಲ್ಲಿ, ದಿನ ನೋಡಿ ಮಾಡಿಸುವ ಆಪರೇಷನ್ ರಾತ್ರೋರಾತ್ರಿ ಮಾಡಬೇಕಾದದ್ದಾಗುತ್ತದೆ. K40.3 ಬರೆದ ಮೇಲೆ ವಾಂತಿ, ಹೊಟ್ಟೆ ಉಬ್ಬರ, ಒತ್ತಿದರೂ ಒಳಗೆ ಹೋಗದ ಗಂಟು ಇಂಥವು ಕೇಸ್ ಶೀಟಿನಲ್ಲಿ ಕಾಣಬೇಕು. ಕಾಣದಿದ್ದರೆ ವಿಮೆಯ ವೈದ್ಯರು ಕೇಳಿಯೇ ಕೇಳುತ್ತಾರೆ, ಕೇಳುವುದು ಸರಿಯೂ ಹೌದು.

ಇಲ್ಲೊಂದು ವಿಚಿತ್ರವಿದೆ. K40.9 ‘ಒಂದು ಬದಿ’ ಎನ್ನುತ್ತದೆ, ಯಾವ ಬದಿ ಎನ್ನುವುದಿಲ್ಲ. ಎಡವಾದರೂ ಬಲವಾದರೂ ಅದೇ ಕೋಡ್. ಎಡ ಬಲ ಗೊತ್ತಾಗುವುದು ಎರಡನೆಯ ಕೋಡ್‌ನಲ್ಲಿ, ಅಂದರೆ ಐಸಿಡಿ-10-ಪಿಸಿಎಸ್‌ನಲ್ಲಿ. ಇದು ಅಮೆರಿಕದಲ್ಲಿ ರೂಪುಗೊಂಡ ಪದ್ಧತಿ, ನಮ್ಮ ಕ್ಲೇಮ್ ಫಾರ್ಮ್ ಕೂಡ ಇದನ್ನೇ ಕೇಳುತ್ತದೆ. ಇದರಲ್ಲಿ ಪ್ರತಿ ಶಸ್ತ್ರಚಿಕಿತ್ಸೆಗೂ ಸರಿಯಾಗಿ ಏಳು ಅಕ್ಷರ, ಪ್ರತಿ ಸ್ಥಾನಕ್ಕೂ ಒಂದು ಅರ್ಥ. ವ್ಯಾಪಾರಿಯ ಆಪರೇಷನ್ ಹೀಗೆ ಬಿಡಿಸಿಕೊಳ್ಳುತ್ತದೆ:

```
0  ಶಸ್ತ್ರಚಿಕಿತ್ಸಾ ವಿಭಾಗ
Y  ದೇಹದ ಕೆಳಭಾಗದ ಪ್ರದೇಶಗಳು
U  ಬಲಪಡಿಸುವುದು
5  ಬಲ ತೊಡೆಸಂದು
0  ತೆರೆದ ವಿಧಾನ
J  ಕೃತಕ ವಸ್ತು
Z  ಬೇರೇನೂ ಇಲ್ಲ
```

ಒಟ್ಟಿಗೆ ಬರೆದರೆ 0YU50JZ. ಮೊದಲ ಅಕ್ಷರ ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಗೊಂದಲವಾಗದಿರಲೆಂದೇ ಈ ಪದ್ಧತಿಯಲ್ಲಿ ಓ ಮತ್ತು ಐ ಅಕ್ಷರಗಳನ್ನು ಬಳಸುವುದೇ ಇಲ್ಲ.

ಮೂರನೇ ಅಕ್ಷರದ ಮೇಲೆ ಸ್ವಲ್ಪ ನಿಲ್ಲಬೇಕು, ಹೆಚ್ಚು ಜನ ಎಡವುವುದು ಅಲ್ಲೇ. ಸರ್ಜನ್ ಬರೆಯುವುದು ‘ಹರ್ನಿಯಾ ರಿಪೇರಿ’ ಎಂದು. ಪಿಸಿಎಸ್‌ನಲ್ಲಿ ರಿಪೇರಿ ಎಂಬುದಕ್ಕೆ Q ಇದೆ. ಕೋಡ್ ಹಾಕುವವರು ಹಿಂದುಮುಂದು ನೋಡದೆ Q ಆರಿಸುತ್ತಾರೆ. ಆದರೆ ಈ ಪದ್ಧತಿಯಲ್ಲಿ ಹರ್ನಿಯಾದ ಮಟ್ಟಿಗೆ Q ಎಂದರೆ ದೇಹದ್ದೇ ಅಂಗಾಂಶವನ್ನು ಹತ್ತಿರ ಎಳೆದು ಹೊಲಿಯುವುದು, ಹೊರಗಿನದೇನನ್ನೂ ಇಡದೆ. ಇಂಥ ಕೃತಕ ಮೆಶ್ ಇಟ್ಟರೆ ಅದು U, ಆಗ ಆರನೇ ಅಕ್ಷರವೂ J ಆಗಲೇಬೇಕು. ವೈದ್ಯರು ದಿನವೂ ಬಳಸುವ ಪದಕ್ಕೂ ಪಟ್ಟಿಯಲ್ಲಿರುವ ಅದೇ ಪದಕ್ಕೂ ಅರ್ಥ ಬೇರೆ. ಪದ ನೋಡಿ ಕೋಡ್ ಹಾಕಬಾರದು, ಆಪರೇಷನ್ ಟಿಪ್ಪಣಿಯನ್ನು ಪೂರ್ತಿ ಓದಿ ಏನು ನಡೆಯಿತೆಂದು ನೋಡಿ ಹಾಕಬೇಕು.

ವ್ಯಾಪಾರಿಯ ಫಾರ್ಮಿನಲ್ಲಿ ಇದ್ದದ್ದು 0YQ60ZZ. ಅಂದರೆ ಎಡ ತೊಡೆಸಂದು, ಮೆಶ್ ಇಲ್ಲ. ಆದರೆ ಡಿಸ್ಚಾರ್ಜ್ ಸಮ್ಮರಿ ಬಲಬದಿ ಎನ್ನುತ್ತಿದೆ, ಬಿಲ್‌ನಲ್ಲಿ ಮೆಶ್‌ನ ಬೆಲೆ ಇದೆ, ಮೆಶ್ ಪೊಟ್ಟಣದಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್ ಲಾಟ್ ಸಂಖ್ಯೆ ಸಮೇತ ಫೈಲಿನಲ್ಲಿದೆ. ವಿಮೆಯವರ ಕಣ್ಣಿಗೆ, ಇಡದ ಮೆಶ್‌ಗೆ ಹಣ ಕೇಳಿದಂತೆ. ಎಡಬದಿ ಎಲ್ಲಿಂದ ಬಂತೆಂದು ಹುಡುಕಿದರೆ, ಆಪರೇಷನ್ ಟಿಪ್ಪಣಿಯ ತಲೆಬರಹದಲ್ಲೇ ‘ಎಡ’ ಎಂದಿತ್ತು. ಹಿಂದಿನ ರೋಗಿಯ ಟಿಪ್ಪಣಿಯನ್ನು ನಕಲು ಮಾಡಿ ತಿದ್ದುವಾಗ ಆ ಒಂದು ಪದ ಉಳಿದುಬಿಟ್ಟಿತ್ತು. ಕೆಳಗಿನ ವಿವರವೆಲ್ಲ ಬಲಬದಿಯದೇ.

ಯಾವ ಕೋಡ್‌ನಲ್ಲೂ ಸೇರದ, ಆದರೂ ಕ್ಲೇಮನ್ನು ಮುಳುಗಿಸಬಲ್ಲ ಇನ್ನೊಂದು ಸಂಗತಿ ಅವಧಿ. ಅನೇಕ ಪಾಲಿಸಿಗಳಲ್ಲಿ, ಪಾಲಿಸಿ ಮಾಡಿಸಿದ ಮೇಲೆ ಹರ್ನಿಯಾಕ್ಕೆ ಹಣ ಸಿಗಲು 24 ತಿಂಗಳು ಕಾಯಬೇಕು. ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆಯಾದರೆ 36 ತಿಂಗಳವರೆಗೂ ಕಾಯಿಸಬಹುದು, ಎರಡೂ ಅನ್ವಯಿಸಿದರೆ ಉದ್ದದ್ದೇ ಲೆಕ್ಕ. ವ್ಯಾಪಾರಿ ಪಾಲಿಸಿ ಮಾಡಿಸಿ 30 ತಿಂಗಳಾಗಿತ್ತು. ದಾಖಲಾಗುವಾಗ ಡ್ಯೂಟಿ ಡಾಕ್ಟರ್ ‘ಎಷ್ಟು ದಿನದಿಂದ?’ ಎಂದು ಕೇಳಿದಾಗ ಅವರು ‘ಒಂದು ಮೂರು ವರ್ಷದಿಂದ ಅಂತ ಇಟ್ಕೊಳ್ಳಿ ಸಾರ್’ ಎಂದಿದ್ದರು. ಕೇಸ್ ಶೀಟಿನಲ್ಲಿ ಅದು ‘ಮೂರು ವರ್ಷ’ ಎಂದೇ ಇಳಿಯಿತು. ಪಾಲಿಸಿಗಿಂತ ಆರು ತಿಂಗಳು ಹಳೆಯ ಹರ್ನಿಯಾ!

ನಿಯಮ ಇಷ್ಟು ಕಠಿಣವಾಗಿಲ್ಲ. ಪಾಲಿಸಿಗೆ ಮುಂಚಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ್ದ, ಅಥವಾ ವೈದ್ಯರಿಂದ ಸಲಹೆ, ಚಿಕಿತ್ಸೆ ಸಿಕ್ಕಿದ್ದ ಕಾಯಿಲೆಯನ್ನಷ್ಟೇ ಮೊದಲೇ ಇದ್ದದ್ದು ಎನ್ನುತ್ತಾರೆ. ಮೂಟೆ ಎತ್ತುವಾಗ ಏನೋ ಚಿವುಟಿದಂತಾಗಿ ಸುಮ್ಮನಿದ್ದದ್ದು ಇದರಲ್ಲಿ ಬರುವುದಿಲ್ಲ. ಅವರು ಮೊದಲು ಡಾಕ್ಟರಿಗೆ ತೋರಿಸಿದ್ದು ಆಪರೇಷನ್‌ಗೆ ಐದು ತಿಂಗಳು ಮುಂಚೆ, ಆ ಓಪಿಡಿ ಚೀಟಿ ಮನೆಯ ಬೀರುವಿನಲ್ಲಿತ್ತು. ಕೇಸ್ ಶೀಟಿನ ‘ಮೂರು ವರ್ಷ’ವನ್ನು ಅಳಿಸುವಂತಿಲ್ಲ, ಅಳಿಸಲೂ ಬಾರದು. ಮೊದಲ ತಪಾಸಣೆಯ ಚೀಟಿಯನ್ನು ಅದರ ಪಕ್ಕಕ್ಕೆ ಇಡಬೇಕು.

ತಲೆಬರಹದ ತಪ್ಪಿಗೂ ಇದೇ ದಾರಿ. ವೈಟ್‌ನರ್ ಹಚ್ಚಿದ ಟಿಪ್ಪಣಿ ಅನುಮಾನವನ್ನು ಹೆಚ್ಚಿಸುತ್ತದೆ. ಸರ್ಜನ್ ಹಳೆಯ ಟಿಪ್ಪಣಿಯನ್ನು ಹಾಗೇ ಬಿಟ್ಟು, ಪ್ರತ್ಯೇಕ ಹಾಳೆಯಲ್ಲಿ ‘ತಲೆಬರಹದಲ್ಲಿ ಎಡ ಎಂದು ತಪ್ಪಾಗಿ ಬಂದಿದೆ, ಶಸ್ತ್ರಚಿಕಿತ್ಸೆ ಬಲಬದಿಗೆ ಆಗಿದೆ, ಮೆಶ್ ಇಡಲಾಗಿದೆ’ ಎಂದು ಬರೆದು, ಅದನ್ನು ಬರೆದ ದಿನದ್ದೇ ತಾರೀಖು ಹಾಕಿ ಸಹಿ ಮಾಡಿದರು. ಅದರ ಆಧಾರದ ಮೇಲೆ ಕೋಡ್ 0YU50JZ ಆಯಿತು. ಸರ್ಜನ್ ಬರೆದುಕೊಡುವ ಮೊದಲೇ ನಾನಾಗಿ ಕೋಡ್ ತಿದ್ದುವ ಹಕ್ಕು ನನಗಿಲ್ಲ. ಸರ್ಜನ್‌ನ ಪತ್ರ, ಮೆಶ್ ಸ್ಟಿಕ್ಕರಿನ ಪ್ರತಿ, ಓಪಿಡಿ ಚೀಟಿ, ತಿದ್ದಿದ ‘ಬಿ’ ಭಾಗ, ಈ ನಾಲ್ಕು ಹಾಳೆಗಳು ಒಂದೇ ಲಕೋಟೆಯಲ್ಲಿ ವಿಮಾ ಕಂಪನಿಗೆ ಹೋದವು.