ಆಕ್ಸಿಜನ್ ಕೊನೆಗಿರಲಿ

ಸಮೀಕರಣ ಸರಿದೂಗಿಸಲು ಕೊಟ್ಟಾಗ ಹೆಚ್ಚಿನ ಮಕ್ಕಳು ಎಡವುವುದು ಆಕ್ಸಿಜನ್ ಹತ್ತಿರ. ಇಷ್ಟು ವರ್ಷ ಉತ್ತರ ಪತ್ರಿಕೆ ತಿದ್ದಿ ನನಗೆ ಕಂಡದ್ದು ಇದು. ಅಡುಗೆ ಮನೆಯ ಸಿಲಿಂಡರ್‌ನಲ್ಲಿರುವ ಬ್ಯೂಟೇನ್ ಉರಿಯುವುದನ್ನೇ ತೆಗೆದುಕೊಳ್ಳೋಣ.

C₄H₁₀ + O₂ → CO₂ + H₂O

ಮೊದಲು ಸುಮ್ನೆ ಎಣಿಸಿ. ಎಡಗಡೆ ಕಾರ್ಬನ್ 4, ಹೈಡ್ರೋಜನ್ 10, ಆಕ್ಸಿಜನ್ 2. ಬಲಗಡೆ ಕಾರ್ಬನ್ 1, ಹೈಡ್ರೋಜನ್ 2, ಆಕ್ಸಿಜನ್ 3. ಒಂದೂ ಹೊಂದುತ್ತಿಲ್ಲ.

ಯಾವುದರಿಂದ ಶುರು ಮಾಡಬೇಕು? ಕಾರ್ಬನ್ ಬಲಗಡೆ ಒಂದೇ ಕಡೆ ಇದೆ, ಹೈಡ್ರೋಜನ್ನೂ ಅಷ್ಟೆ. ಆಕ್ಸಿಜನ್ ಮಾತ್ರ ಎರಡು ಕಡೆ ಹಂಚಿಹೋಗಿದೆ. ಅದನ್ನು ಮೊದಲೇ ಸರಿಮಾಡಿದರೆ ಮುಂದಿನ ಪ್ರತಿ ಬದಲಾವಣೆಗೂ ಅದು ಮತ್ತೆ ಕೆಡುತ್ತದೆ. ಹಾಗಾಗಿ ಅದು ಕೊನೆಗಿರಲಿ.

ಕಾರ್ಬನ್‌ಗಾಗಿ CO₂ ಮುಂದೆ 4, ಹೈಡ್ರೋಜನ್‌ಗಾಗಿ H₂O ಮುಂದೆ 5.

C₄H₁₀ + O₂ → 4CO₂ + 5H₂O

ಈಗ ಬಲಗಡೆಯ ಆಕ್ಸಿಜನ್ ಎಣಿಸಿ. 4CO₂ನಲ್ಲಿ 8, 5H₂Oನಲ್ಲಿ 5, ಒಟ್ಟು 13. ಎಡಗಡೆ ಆಕ್ಸಿಜನ್ ಜೋಡಿಯಾಗಿಯೇ ಬರುತ್ತದೆ. ಆರು ಜೋಡಿಗೆ 12, ಏಳು ಜೋಡಿಗೆ 14. 13 ಬರುವುದೇ ಇಲ್ಲ!

ಇಲ್ಲಿ ಸಿಕ್ಕಿಕೊಂಡ ಒಬ್ಬ ಹುಡುಗ O₂ ಅಳಿಸಿ O₁₃ ಎಂದು ಬರೆದಿದ್ದ. ಲೆಕ್ಕವೇನೋ ಸರಿಯಾಯಿತು, ಆದರೆ ಹದಿಮೂರು ಪರಮಾಣು ಒಟ್ಟಿಗೆ ಅಂಟಿದ ಆಕ್ಸಿಜನ್ ಅಣು ಗಾಳಿಯಲ್ಲಿಲ್ಲ. ಸೂತ್ರದ ಕೆಳಗಿನ ಪುಟ್ಟ ಅಂಕಿ ಆ ವಸ್ತು ಯಾವುದು ಅಂತ ಹೇಳುತ್ತದೆ, ಅದನ್ನು ಮುಟ್ಟಿದರೆ ವಸ್ತುವೇ ಬದಲಾಗುತ್ತದೆ. H₂O ಕೆಳಗೆ ಇನ್ನೊಂದು 2 ಸೇರಿಸಿ ನೋಡಿ, ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಅದನ್ನು ಕುಡಿಯೋಕಾಗುತ್ತಾ? ನಾವು ಬದಲಿಸಬಹುದಾದದ್ದು ಸೂತ್ರದ ಮುಂದಿನ ಅಂಕಿ ಮಾತ್ರ, ಅಂದರೆ ಎಷ್ಟು ಅಣು ಬೇಕು ಎಂಬುದು.

ಸರಿ, 13ಕ್ಕೇನು ದಾರಿ? ಎಲ್ಲವನ್ನೂ ಎರಡರಿಂದ ಗುಣಿಸಿ. ಬ್ಯೂಟೇನ್ 2, CO₂ 8, H₂O 10. ಬಲಗಡೆ ಆಕ್ಸಿಜನ್ 16 ಮತ್ತು 10, ಒಟ್ಟು 26. ಅಂದರೆ 13 ಜೋಡಿ.

2C₄H₁₀ + 13O₂ → 8CO₂ + 10H₂O

ಇಲ್ಲಿಗೆ ಪೆನ್ನು ಕೆಳಗಿಡಬೇಡಿ. ಬ್ಯೂಟೇನ್ ಮುಂದೆ 2 ಹಾಕಿ, ಉಳಿದದ್ದನ್ನು ಗುಣಿಸಲು ಮರೆಯುವವರೇ ಜಾಸ್ತಿ. ಮೊದಲಿನಿಂದ ಎಣಿಸಿದರೆ ತಪ್ಪು ತಾನಾಗಿ ಸಿಗುತ್ತದೆ. ಎರಡೂ ಕಡೆ ಕಾರ್ಬನ್ 8, ಹೈಡ್ರೋಜನ್ 20, ಆಕ್ಸಿಜನ್ 26. ಹೊಂದಿತು.

ಆದರೆ ಲೆಕ್ಕ ಹೊಂದಿದ ಮಾತ್ರಕ್ಕೆ ಒಲೆಯಲ್ಲಿ ಹಾಗೇ ನಡೆಯುತ್ತದೆ ಅಂತಲ್ಲ. ಬರ್ನರ್ ಕಟ್ಟಿಕೊಂಡು ಗಾಳಿ ಸಾಲದಿದ್ದರೆ ಜ್ವಾಲೆ ಹಳದಿಯಾಗುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ, ವಿಷಕಾರಿ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತದೆ. ಅದಕ್ಕೂ ಒಂದು ಸಮೀಕರಣ ಬರೆಯಬಹುದು:

2C₄H₁₀ + 9O₂ → 8CO + 10H₂O

ಎಣಿಸಿ ನೋಡಿ, ಇದೂ ಸರಿದೂಗುತ್ತದೆ. ಯಾವುದು ನಡೆಯುತ್ತಿದೆ ಅಂತ ಹೇಳುವುದು ಜ್ವಾಲೆಯ ಬಣ್ಣವೇ ಹೊರತು ಅಂಕಿಗಳಲ್ಲ.