25 ಕಿಲೋ ಗೆರೆಯ ಆಚೆ ಈಚೆ: ಮಂಡ್ಯದ ಬೆಲ್ಲಕ್ಕೆ ಒಂದು ತೆರಿಗೆ ನಿಯಮ ತೆರೆದ ವ್ಯಾಪಾರ

ಮಂಡ್ಯದ ಎಪಿಎಂಸಿ ಪ್ರಾಂಗಣದಲ್ಲಿ ಬೆಲ್ಲವನ್ನು ಬಹುಕಾಲದಿಂದ ಆಕಾರದ ಮೇಲೆ ಗುರುತಿಸಲಾಗುತ್ತಿದೆ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಲಚ್ಚು, ಬಾಕ್ಸ್ ಬೆಲ್ಲ ಎಂದು ಪ್ರತ್ಯೇಕ ಧಾರಣೆ ನಿಗದಿಯಾಗುತ್ತದೆ. ಬಣ್ಣ ಮತ್ತು ಗಡಸುತನ ನೋಡಿ ಬೆಲೆ ಕೂಗುತ್ತಾರೆ. ಆಲೆಮನೆಯ ಹೆಸರು ಮಂಡಿಯ ಲೆಕ್ಕದ ಪುಸ್ತಕದಲ್ಲಿ ಇರುತ್ತದೆಯೇ ಹೊರತು ಅದು ಗಿರಾಕಿಯವರೆಗೆ ಹೋಗುವುದಿಲ್ಲ. ಈ ವ್ಯವಸ್ಥೆಗೆ 2022ರ ಜುಲೈ 18ರಂದು ಹೊರಗಿನಿಂದ ಒಂದು ಗೆರೆ ಬಿತ್ತು. ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಬೆಲ್ಲಕ್ಕೆ ಆ ದಿನದಿಂದ ಶೇ 5ರಷ್ಟು ಜಿಎಸ್‌ಟಿ ಬಂದಿತು. ಬಿಡಿಯಾಗಿ ಮಾರುವ ಬೆಲ್ಲ ಹಿಂದಿನಂತೆಯೇ ತೆರಿಗೆಯಿಂದ ಹೊರಗುಳಿಯಿತು. ಹೊರೆಯಾಗಿ ಕಂಡ ಈ ನಿಯಮ ಯಾರಿಗೆ ಹೊಸ ಉದ್ಯಮದ ಅವಕಾಶವಾಯಿತು ಎಂಬುದು ತಿಳಿಯಬೇಕಾದರೆ ಅದು ಹುಟ್ಟಿದ ಬಗೆಯನ್ನು ನೋಡಬೇಕು.

2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಬೆಲ್ಲಕ್ಕೆ ತೆರಿಗೆ ಇರಲಿಲ್ಲ. ಅಕ್ಕಿ, ಹಿಟ್ಟಿನಂಥ ಪದಾರ್ಥಗಳಿಗೆ ಮಾತ್ರ, ಅವು ನೋಂದಾಯಿತ ಬ್ರ್ಯಾಂಡ್ ಹೆಸರಿನಲ್ಲಿ ಪೊಟ್ಟಣವಾಗಿ ಬಂದರೆ ಶೇ 5 ತೆರಿಗೆ ಎಂಬ ಷರತ್ತಿತ್ತು. ಈ ಷರತ್ತನ್ನು ತಪ್ಪಿಸಿಕೊಳ್ಳಲು ಅನೇಕ ಗಿರಣಿಗಳು ಬ್ರ್ಯಾಂಡ್ ನೋಂದಣಿಯನ್ನು ಬಿಟ್ಟುಕೊಟ್ಟವು. ಹೆಸರಿನ ಮೇಲಿನ ಹಕ್ಕು ತಮಗೆ ಬೇಡವೆಂದು ಬರೆದುಕೊಟ್ಟು ಅದೇ ಚೀಲ, ಅದೇ ಚಿತ್ರದೊಂದಿಗೆ ವ್ಯಾಪಾರ ಮುಂದುವರಿಸಿದವೂ ಇದ್ದವು. ಹೀಗೆ ತೆರಿಗೆ ಸೋರಿಹೋಗುತ್ತಿದೆ ಎಂಬ ಕಾರಣಕ್ಕೆ 2022ರ ಜೂನ್ ಕೊನೆಯಲ್ಲಿ ಚಂಡೀಗಢದಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ 47ನೇ ಸಭೆ ಬ್ರ್ಯಾಂಡ್ ಎಂಬ ಅಳತೆಗೋಲನ್ನೇ ಕೈಬಿಟ್ಟು, ಅದರ ಜಾಗಕ್ಕೆ ‘ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಾಕಿದ್ದು’ ಎಂಬ ಅಳತೆಗೋಲನ್ನು ತಂದಿತು. ಆ ಬದಲಾವಣೆಯ ಪಟ್ಟಿಯಲ್ಲಿ ಬೆಲ್ಲವೂ ಸೇರಿತು.

ಉದ್ಯಮ ಹುಡುಕುವವರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಯಾವುದು ‘ಪೊಟ್ಟಣ ಕಟ್ಟಿ ಲೇಬಲ್ ಹಾಕಿದ್ದು’ ಎಂಬುದನ್ನು ಜಿಎಸ್‌ಟಿ ಅಧಿಸೂಚನೆ 2022ರಲ್ಲಿ ತಾನಾಗಿ ಹೇಳಿರಲಿಲ್ಲ. ಅದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಕಡೆಗೆ ಬೆರಳು ತೋರಿಸಿತ್ತು. ಆ ಕಾಯ್ದೆಯಡಿಯ 2011ರ ಪೊಟ್ಟಣ ಸರಕುಗಳ ನಿಯಮಗಳು ಯಾವ ಪೊಟ್ಟಣದ ಮೇಲೆ ವಿವರಗಳು ಕಡ್ಡಾಯವೆನ್ನುತ್ತವೆಯೋ ಅದಕ್ಕೆ ಮಾತ್ರ ತೆರಿಗೆ. ಆ ನಿಯಮಗಳಲ್ಲಿ 25 ಕಿಲೋ ಮೀರಿದ ಪೊಟ್ಟಣಕ್ಕೆ ವಿನಾಯಿತಿ ಇದ್ದುದರಿಂದ ತೆರಿಗೆಯ ಗೆರೆಯೂ ಅಲ್ಲಿಯೇ ಬಿದ್ದಿತು. ಅಂಗಡಿಯವರು 30 ಕಿಲೋ ಮೂಟೆ ಬಿಚ್ಚಿ ಅರ್ಧ ಕಿಲೋ ತೂಗಿ ಕೊಟ್ಟರೆ ತೆರಿಗೆ ಇಲ್ಲ. ಅದನ್ನೇ ಮುಂಚಿತವಾಗಿ ಅರ್ಧ ಕಿಲೋ ಪೊಟ್ಟಣ ಮಾಡಿ ಬೆಲೆ ಮುದ್ರಿಸಿಟ್ಟರೆ ಉಂಟು. ತೂಕದ ಇಲಾಖೆಯ ನಿಯಮ ತೆರಿಗೆಯ ಗಡಿಯಾದ ಕಾರಣ, ತೆರಿಗೆ ಸಲಹೆಗಾರರನ್ನು ಮಾತ್ರ ಕೇಳಿದವರಿಗೆ ಅರ್ಧ ಚಿತ್ರವಷ್ಟೇ ಸಿಕ್ಕಿತು.

ಗೆರೆ ಬಿದ್ದ ಕೂಡಲೇ ಎಲ್ಲರ ಕಣ್ಣಿಗೆ ಬಿದ್ದ ಅವಕಾಶ ಗೆರೆಯ ಆಚೆಯದು. ಅಕ್ಕಿ ವ್ಯಾಪಾರದಲ್ಲಿ 26 ಕಿಲೋ ಚೀಲಗಳು ಮಾರುಕಟ್ಟೆಗೆ ಬಂದವು. ಆದರೆ ಒಂದು ಸಂಖ್ಯೆಯ ಮೇಲೆ ನಿಂತ ವ್ಯಾಪಾರ ಆ ಸಂಖ್ಯೆ ಇರುವಷ್ಟು ದಿನ ಮಾತ್ರ ನಿಲ್ಲುತ್ತದೆ. ಹೊಸ ಚೀಲಕ್ಕೆ, ಹೊಲಿಗೆ ಯಂತ್ರಕ್ಕೆ ಹಣ ಹೂಡುವವರು ಈ ದುರ್ಬಲತೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನನ್ನ ಮಟ್ಟಿಗೆ, ಬಾಳುವ ಅವಕಾಶ ಇದ್ದುದು ಗೆರೆಯ ಈಚೆ, ಅಂದರೆ ತೆರಿಗೆ ಕಟ್ಟಬೇಕಾದ ಕಡೆ. ಅದಕ್ಕೆ ಕಾರಣ ಮಂಡಿಯ ವರ್ತಕರ ಸ್ಥಿತಿಯಲ್ಲಿದೆ.

ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಲಿ, ಜಿಎಸ್‌ಟಿ ನೋಂದಣಿ ಬೇಕಿಲ್ಲ. ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿಯ ಬೆಲ್ಲವನ್ನು ಬಿಡಿಯಾಗಿ ಸಾಗಿಸುವ ಮಂಡಿಯೂ ಈ ಕಾರಣದಿಂದ ನೋಂದಣಿಯ ಹೊರಗೆ ಇರಬಹುದು. ಆದರೆ ಅದೇ ಮಂಡಿ ಸ್ವಲ್ಪವೇ ಬೆಲ್ಲವನ್ನು ಒಂದು ಕಿಲೋ ಪೊಟ್ಟಣ ಮಾಡಿ ಮಾರಿತೆಂದರೆ, ನೋಂದಣಿ ಕಡ್ಡಾಯವಾಗುವ ವಾರ್ಷಿಕ 40 ಲಕ್ಷ ರೂಪಾಯಿಯ ಮಿತಿಯನ್ನು ಲೆಕ್ಕ ಹಾಕುವಾಗ ಬಿಡಿ ಬೆಲ್ಲದ ವಹಿವಾಟೂ ಸೇರುತ್ತದೆ. ಸಣ್ಣ ಪ್ರಯೋಗಕ್ಕಾಗಿ ಇಡೀ ಅಂಗಡಿಯ ಲೆಕ್ಕವನ್ನು ನೋಂದಣಿ, ಮಾಸಿಕ ವಿವರಪಟ್ಟಿ, ಪರಿಶೀಲನೆಗಳ ವ್ಯಾಪ್ತಿಗೆ ತರಲು ಹಳೆಯ ವರ್ತಕರು ಹಿಂಜರಿಯುವುದು ಸಹಜ. ಬೆಲ್ಲ, ಬಂಡವಾಳ, ಆಲೆಮನೆಗಳ ಸಂಪರ್ಕ ಎಲ್ಲವೂ ಇರುವವರು ಪೊಟ್ಟಣಕ್ಕೆ ಇಳಿಯದಂತೆ ನಿಯಮವೇ ತಡೆಯಿತು. ಬೇರೆ ವ್ಯಾಪಾರವಿಲ್ಲದೆ ಪೊಟ್ಟಣವೊಂದನ್ನೇ ಮಾಡುವ ಹೊಸ ಘಟಕಕ್ಕೆ ಈ ತೊಡಕಿಲ್ಲ. ಅದು ಶೂನ್ಯದಿಂದ ಎಣಿಕೆ ಶುರು ಮಾಡುತ್ತದೆ, ಮತ್ತು ರಾಜ್ಯದೊಳಗೆ ಮಾತ್ರ ಮಾರುವವರೆಗೆ 40 ಲಕ್ಷದ ತನಕ ಅದಕ್ಕೆ ತೆರಿಗೆಯೇ ಬರುವುದಿಲ್ಲ.

ಇದನ್ನು ಒಂದು ಉದಾಹರಣೆಯಿಂದ ನೋಡೋಣ; ಇಲ್ಲಿನ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಮದ್ದೂರಿನ ಬಳಿ ಒಂದು ಘಟಕ ಆಲೆಮನೆಯಿಂದ ಕಿಲೋಗೆ 48 ರೂಪಾಯಿಯಂತೆ ಬೆಲ್ಲ ಕೊಳ್ಳುತ್ತದೆ ಎನ್ನೋಣ. ಪುಡಿ ಮತ್ತು ತೇವದ ನಷ್ಟಕ್ಕೆ 1 ರೂಪಾಯಿ, ಪೊಟ್ಟಣ ಮತ್ತು ಲೇಬಲ್ಲಿಗೆ 3 ರೂಪಾಯಿ, ಅದರ ಮೇಲಿನ ಶೇ 18 ತೆರಿಗೆ 54 ಪೈಸೆ, ಕೂಲಿ 4, ಸಾಗಣೆ 2 ರೂಪಾಯಿ. ಒಟ್ಟು 58 ರೂಪಾಯಿ 54 ಪೈಸೆ. ಅಂಗಡಿಗೆ 65 ರೂಪಾಯಿಗೆ ಕೊಟ್ಟರೆ ಕಿಲೋಗೆ 6 ರೂಪಾಯಿ 46 ಪೈಸೆ ಉಳಿಯುತ್ತದೆ. ಈ ದರದಲ್ಲಿ 40 ಲಕ್ಷದ ವಹಿವಾಟು ಎಂದರೆ ವರ್ಷಕ್ಕೆ ಸುಮಾರು 61 ಟನ್, ವಾರಕ್ಕೆ 1,200 ಕಿಲೋಗೆ ತುಸು ಕಡಿಮೆ. ಉಳಿಕೆ 4 ಲಕ್ಷ ರೂಪಾಯಿಯ ಹತ್ತಿರ.

ಮಿತಿ ದಾಟಿದ ಮೇಲೆ ಅಂಗಡಿಯವರು 65ಕ್ಕಿಂತ ಹೆಚ್ಚು ಕೊಡಲು ಒಪ್ಪದಿದ್ದರೆ, ಅದರೊಳಗೆ 3 ರೂಪಾಯಿ 10 ಪೈಸೆ ತೆರಿಗೆಯಾಗಿ ಹೋಗುತ್ತದೆ. ಪೊಟ್ಟಣದ ಮೇಲೆ ಕಟ್ಟಿದ 54 ಪೈಸೆ ಮರಳಿ ಸಿಗುತ್ತದೆ; ಬೆಲ್ಲವನ್ನು ತೆರಿಗೆ ಇಲ್ಲದೆ ಕೊಂಡಿದ್ದರಿಂದ ಅದರ ಮೇಲೆ ಮರಳಿ ಪಡೆಯಲು ಏನೂ ಇಲ್ಲ. ಉಳಿಕೆ ಕಿಲೋಗೆ 3 ರೂಪಾಯಿ 90 ಪೈಸೆಗೆ ಇಳಿಯುತ್ತದೆ. ಮೊದಲಿನ 4 ಲಕ್ಷವನ್ನೇ ಮತ್ತೆ ಕಾಣಬೇಕಾದರೆ ಘಟಕ ಸುಮಾರು 102 ಟನ್ ಮಾರಬೇಕು. 61ರಿಂದ 102 ಟನ್ನಿನ ನಡುವಿನ ಈ ಹಾದಿಯಲ್ಲಿ ಕೆಲಸ ಹೆಚ್ಚಿ ಸಂಪಾದನೆ ಕುಗ್ಗುತ್ತದೆ. ಇಲ್ಲಿ ನೆರವಿಗೆ ಬರುವುದು ರಾಜಿ ತೆರಿಗೆ ಪದ್ಧತಿ. ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಶೇ 1 ಕಟ್ಟಿದರೆ ಸಾಕಾಗುವುದರಿಂದ ಉಳಿಕೆ 5 ರೂಪಾಯಿ 81 ಪೈಸೆಯಲ್ಲಿ ನಿಲ್ಲುತ್ತದೆ, ಹಳೆಯ ಸಂಪಾದನೆ 68 ಟನ್ನಿನ ಸುಮಾರಿಗೇ ಮರಳುತ್ತದೆ. ಆದರೆ ಈ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ಕೊಳ್ಳುವ ಅಂಗಡಿಗೆ ತೆರಿಗೆ ಜಮೆಯೂ ಸಿಗದ ಕಾರಣ ದೊಡ್ಡ ಮಳಿಗೆಗಳು ಇವರಿಂದ ಕೊಳ್ಳಲು ಅಷ್ಟಾಗಿ ಮನಸ್ಸು ಮಾಡುವುದಿಲ್ಲ. ಹೀಗಾಗಿ ಮೈಸೂರು, ಬೆಂಗಳೂರಿನ ಕಿರಾಣಿ ಅಂಗಡಿಗಳಿಗೆ ಮಾರುವ ಘಟಕ, ಚೆನ್ನೈ ಅಥವಾ ಮುಂಬೈಗೆ ಕಳಿಸುವ ಘಟಕ ಎರಡೂ ಮೊದಲ ದಿನದಿಂದಲೇ ಬೇರೆ ಬೇರೆ ಉದ್ಯಮಗಳು. ಎರಡನೆಯದಕ್ಕೆ ಒಂದೇ ಪೊಟ್ಟಣ ಕಳಿಸಿದರೂ ನೋಂದಣಿ ಕಡ್ಡಾಯ.

ಲೆಕ್ಕ ಸರಿಹೋದರೂ ಬೆಲ್ಲವನ್ನು ಪೊಟ್ಟಣದ ಶಿಸ್ತಿಗೆ ತರುವುದು ಸುಲಭದ ಕೆಲಸವಲ್ಲ. ಮರದ ಅಚ್ಚಿನಲ್ಲಿ ಕೈಯಿಂದ ತುಂಬಿದ ಬೆಲ್ಲ ಒಂದರಂತೆ ಇನ್ನೊಂದು ತೂಗುವುದಿಲ್ಲ. ಪಾಕ ಎಷ್ಟು ಬಿಗಿಯಾಗಿತ್ತು, ಎಷ್ಟು ಒತ್ತಿ ತುಂಬಿದರು ಎಂಬುದರ ಮೇಲೆ ಒಂದೊಂದು ಅಚ್ಚಿನ ತೂಕ ಹೆಚ್ಚುಕಡಿಮೆಯಾಗುತ್ತದೆ. ಮಂಡಿಯ ತಕ್ಕಡಿಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಕಿಲೋ ಎಂದು ಮುದ್ರಿಸಿದ ಪೊಟ್ಟಣದಲ್ಲಿ ಮಾತ್ರ 15 ಗ್ರಾಂಗಿಂತ ಹೆಚ್ಚಿನ ಕೊರತೆ ತಪ್ಪಾಗುತ್ತದೆ. ಅಚ್ಚುಗಳನ್ನು ಎಣಿಸಿ ತುಂಬುವ ಘಟಕ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಹೀಗೆ. ಪ್ರತಿ ಪೊಟ್ಟಣವನ್ನೂ ತೂಗಿ ಚೂರು ಬೆಲ್ಲದಿಂದ ತೂಕ ಸರಿಮಾಡಬೇಕು, ಇಲ್ಲವೇ ಸಣ್ಣ ಚೌಕದ ಅಚ್ಚಿಗೆ ಅಥವಾ ಪುಡಿ ಬೆಲ್ಲಕ್ಕೆ ಹೊರಳಬೇಕು. ಪುಡಿ ಬೆಲ್ಲದಲ್ಲಿ ತೇವ ಕಡಿಮೆ ಇರುವುದರಿಂದ ಮಳೆಗಾಲದಲ್ಲಿ ನೀರೊಡೆಯುವ ಭಯವೂ ತಗ್ಗುತ್ತದೆ. ಗಾಳಿಯ ತೇವವನ್ನು ಎಳೆದುಕೊಳ್ಳುವ ಅಚ್ಚು ಬೆಲ್ಲವನ್ನು ತೆಳುವಾದ ಕಾಗದದ ಪೊಟ್ಟಣದಲ್ಲಿಟ್ಟರೆ ಆಷಾಢದ ಹೊತ್ತಿಗೆ ಅಂಟುಅಂಟಾಗಿ ಅಂಗಡಿಯಿಂದ ವಾಪಸ್ ಬರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬಣ್ಣದಲ್ಲಿದೆ. ಮಂಡಿಯಲ್ಲಿ ತಿಳಿ ಹಳದಿಯ ಬೆಲ್ಲಕ್ಕೆ ಬೆಲೆ ಹೆಚ್ಚು ಬರುವುದರಿಂದ ಕೊಪ್ಪರಿಗೆಗೆ ಬಣ್ಣ ತಿಳಿಯಾಗಿಸುವ ‘ಹೈಡ್ರೋಸ್’ ಎಂಬ ರಾಸಾಯನಿಕ ಹಾಕುವ ರೂಢಿ ಹಲವು ಆಲೆಮನೆಗಳಲ್ಲಿ ಬೇರೂರಿದೆ. ಇದರಿಂದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಆಹಾರ ಸುರಕ್ಷತಾ ನಿಯಮದಂತೆ ಅದು ಹತ್ತು ಲಕ್ಷ ಭಾಗಕ್ಕೆ 70 ಭಾಗವನ್ನು ಮೀರಬಾರದು. ಬಿಡಿ ಬೆಲ್ಲದಲ್ಲಿ ಈ ಮಿತಿ ಮೀರಿದರೂ ಅದು ಯಾವ ಆಲೆಮನೆಯದೆಂದು ಹುಡುಕುವುದು ಕಷ್ಟ. ಪೊಟ್ಟಣದ ಮೇಲೆ ತಯಾರಕರ ವಿಳಾಸವೂ, ಪೊಟ್ಟಣ ಕಟ್ಟಿದವರು ಬೇರೆಯಾಗಿದ್ದರೆ ಅವರ ವಿಳಾಸವೂ ಇರಲೇಬೇಕಾದ್ದರಿಂದ ನೋಟಿಸು ನೇರವಾಗಿ ಅಲ್ಲಿಗೇ ಬರುತ್ತದೆ. ಕಣ್ಣಳತೆಯಲ್ಲಿ ಅತಿ ತಿಳಿಯಾದ ಬಣ್ಣ ಅನುಮಾನಕ್ಕೆ ಕಾರಣವಾಗಬಹುದು. ಖಚಿತವಾಗುವುದು ಪ್ರಯೋಗಾಲಯದಲ್ಲಿ ಮಾತ್ರ. ಹಲವು ಆಲೆಮನೆಗಳ ಬೆಲ್ಲವನ್ನು ಒಟ್ಟಿಗೆ ಕಲಸಿ ತುಂಬಿದವರಿಗೆ ಪರೀಕ್ಷೆಯ ಫಲಿತಾಂಶದಿಂದ ಏನೂ ತಿಳಿಯದು. ಒಂದೊಂದು ಆಲೆಮನೆಯ ಸರಕನ್ನು ಬೇರೆಯಾಗಿಟ್ಟು, ಬ್ಯಾಚ್ ಸಂಖ್ಯೆ ಕೊಟ್ಟು, ಮಾದರಿಯನ್ನು ಪರೀಕ್ಷೆಗೆ ಕಳಿಸಿದ ಮೇಲೆ ತುಂಬುವ ಘಟಕಕ್ಕೆ ಯಾವ ಆಲೆಮನೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಒಂದು ಹಂಗಾಮಿನಲ್ಲಿ ಸ್ಪಷ್ಟವಾಗುತ್ತದೆ.

ಬೆಂಡೆಯ ಲೋಳೆಯಿಂದ ಮಡ್ಡಿ ತೆಗೆದು ಕಂದು ಬಣ್ಣದ ಬೆಲ್ಲ ಮಾಡುವ ರೈತರಿಗೆ ಮಂಡಿಯ ಕೂಗಿನಲ್ಲಿ ನ್ಯಾಯವಾದ ಬೆಲೆ ಸಿಗದಿರುವುದು ನನ್ನನ್ನು ಬಹಳ ಕಾಡುವ ಸಂಗತಿ. ಆ ಬೆಲ್ಲಕ್ಕೆ ಅದರ ಗುಣದ ಮೇಲೆ ಬೆಲೆ ಕಟ್ಟಲು ಆಧಾರ ಬೇಕು, ಆ ಆಧಾರ ಪರೀಕ್ಷಾ ವರದಿ ಮತ್ತು ವಿಳಾಸವಿರುವ ಪೊಟ್ಟಣ. 2020ರ ಜೂನ್ ಕೊನೆಯಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಬೆಲ್ಲವನ್ನೇ ಗೊತ್ತುಪಡಿಸಲಾಯಿತು. ಕೇಂದ್ರದ ಶೇ 35ಕ್ಕೆ ರಾಜ್ಯ ಶೇ 15 ಸೇರಿಸಿ ಯಂತ್ರಗಳ ವೆಚ್ಚದಲ್ಲಿ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿವರೆಗೆ, ಸಾಲಕ್ಕೆ ಜೋಡಿಸಿದ ಸಹಾಯಧನ ಕೊಟ್ಟಿತು. ಯಂತ್ರಕ್ಕೆ ದೊರೆಯುವ ಈ ನೆರವು ಅದರಲ್ಲಿ ತುಂಬುವ ಬೆಲ್ಲದ ಗುಣಕ್ಕೆ ಹೊಣೆಯಾಗುವುದಿಲ್ಲ; ಆಲೆಮನೆಗಳ ಜತೆ ಮೊದಲು ಮಾತಾಗದೆ ಯಂತ್ರ ತಂದವರ ಬಂಡವಾಳ ಹಂಗಾಮು ಮುಗಿಯುವವರೆಗೂ ಸುಮ್ಮನೆ ನಿಲ್ಲುತ್ತದೆ.

ಇತಿಹಾಸ ಇಲ್ಲಿಗೇ ನಿಂತಿಲ್ಲ. 2024ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 25 ಕಿಲೋ ಮಿತಿಯನ್ನೇ ತೆಗೆದು, ಚಿಲ್ಲರೆಯಾಗಿ ಮಾರುವ ಎಲ್ಲ ಪೊಟ್ಟಣಗಳಿಗೂ ವಿವರಗಳನ್ನು ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕೈಗಾರಿಕೆಗಳಿಗೆ ಮತ್ತು ಸಂಸ್ಥೆಗಳಿಗೆ ಕೊಡುವ ಸರಕನ್ನು ಮಾತ್ರ ಹೊರಗಿಟ್ಟಿತು. ತೆರಿಗೆಯ ಗಡಿ ಆಗ ತೂಕದ ನಿಯಮಕ್ಕೆ ಅಂಟಿಕೊಂಡಿದ್ದರಿಂದ ಇಂಥ ತಿದ್ದುಪಡಿಯ ಪರಿಣಾಮ ತೆರಿಗೆಗೂ ತಟ್ಟುತ್ತಿತ್ತು. 2025ರ ಜನವರಿಯಲ್ಲಿ ಜಿಎಸ್‌ಟಿ ಅಧಿಸೂಚನೆಯೇ 25 ಕಿಲೋ ಮಿತಿಯನ್ನು ತನ್ನ ವ್ಯಾಖ್ಯೆಯಲ್ಲಿ ಬರೆದುಕೊಂಡಿತು, ಹೀಗಾಗಿ ಆ ಪ್ರಸ್ತಾವ ಇನ್ನು ತಟ್ಟುವುದು ಪೊಟ್ಟಣದ ಮೇಲಿನ ವಿವರಗಳಿಗೆ ಮಾತ್ರ. ಅದು ಜಾರಿಯಾದಲ್ಲಿ ವಿವರಗಳ ಮಟ್ಟಿಗೆ 30 ಕಿಲೋ ಚೀಲದ ವ್ಯಾಪಾರಿಯೂ ಒಂದು ಕಿಲೋ ಪೊಟ್ಟಣದವರ ಸಾಲಿಗೇ ಬರಬೇಕಾಗುತ್ತದೆ, ಇದುವರೆಗೆ ನೋಂದಣಿಯ ಹೊರಗಿದ್ದ ಮಂಡಿಗಳಿಗೆ ತೂಗಿ, ಪರೀಕ್ಷಿಸಿ, ಲೇಬಲ್ ಹಾಕಿಕೊಡುವವರ ಅಗತ್ಯ ಬೀಳುತ್ತದೆ. ಆ ಕೆಲಸವನ್ನು ಕೂಲಿಗೆ ಮಾಡಿಕೊಡುವ ಘಟಕ ಬೆಲ್ಲವನ್ನು ತಾನು ಕೊಳ್ಳಬೇಕಿಲ್ಲ, ಧಾರಣೆಯ ಏರಿಳಿತದ ನಷ್ಟವನ್ನೂ ಹೊರಬೇಕಿಲ್ಲ. ಸೇವೆಯಾದ್ದರಿಂದ ಅದರ ನೋಂದಣಿ ಮಿತಿ 20 ಲಕ್ಷ ರೂಪಾಯಿ. ಕಿಲೋಗೆ 6 ರೂಪಾಯಿ ಕೂಲಿಯ ಲೆಕ್ಕದಲ್ಲಿ ವರ್ಷಕ್ಕೆ 333 ಟನ್ ಬೆಲ್ಲ ಅದರ ಕೈಯಲ್ಲಿ ಹಾದುಹೋಗಬಹುದು.