ಮೊಣಕೈ ತುದಿಯ ಮೆತ್ತನೆ ಊತ: ಮೇಜಿಗೆ ಕೈಯೂರಿ ಓದುವವರ ಬರ್ಸೈಟಿಸ್

19 ವರ್ಷದ ಒಬ್ಬ ವಿದ್ಯಾರ್ಥಿ ಎಂದುಕೊಳ್ಳಿ. ಬರೆಯುವುದು ಬಲಗೈಯಲ್ಲಿ. ಎಡ ಮೊಣಕೈಯನ್ನು ಮೇಜಿನ ಮೇಲೆ ಊರಿ, ಕೆನ್ನೆಯನ್ನು ಅಂಗೈಗೆ ಆನಿಸಿಕೊಂಡು ದಿನಕ್ಕೆ ಐದಾರು ಗಂಟೆ ಓದುತ್ತಾನೆ. 3 ವಾರದಿಂದ ಎಡ ಮೊಣಕೈ ತುದಿಯಲ್ಲಿ ನಿಂಬೆಹಣ್ಣಿನಷ್ಟು ಊತ. ಒತ್ತಿದರೆ ಒಳಗೆ ನೀರಿರುವಂತೆ ತುಳುಕುತ್ತದೆ, ನೋವು ಅಷ್ಟಕ್ಕಷ್ಟೆ. ಬಿದ್ದಿಲ್ಲ, ಜ್ವರವಿಲ್ಲ, ಚರ್ಮ ತರಚಿಲ್ಲ.

ಊದಿಕೊಂಡಿರುವುದು ಯಾವುದು? ಕೈ ನೀಡಿ ಮೊಣಕೈ ತುದಿಯ ಚರ್ಮವನ್ನು ಚಿವುಟಿ ನೋಡಿ, ಸಡಿಲವಾಗಿ ಜಾರುತ್ತದೆ. ಅದರ ಕೆಳಗಿರುವುದು ಮುಂಗೈಯ ಎರಡು ಮೂಳೆಗಳಲ್ಲಿ ಒಂದಾದ ಅಲ್ನಾದ ಮೇಲ್ತುದಿ, ಹೆಸರು ಓಲೆಕ್ರನಾನ್. ಅಲ್ಲಿ ಮಾಂಸದ ಹೊದಿಕೆ ಇಲ್ಲ. ಚರ್ಮ ಮೂಳೆಗೆ ಉಜ್ಜದೆ ಜಾರಲಿ ಎಂದು ನಡುವೆ ಬರ್ಸಾ ಎಂಬ ತೆಳು ಚೀಲವಿದೆ. ಸಾಮಾನ್ಯವಾಗಿ ಅದರಲ್ಲಿ ದ್ರವ ಇದ್ದೂ ಇಲ್ಲದಂತಿರುತ್ತದೆ. ಮೇಜಿನಂಚು ಕೆಳಗಿನಿಂದ, ಮೂಳೆ ಮೇಲಿನಿಂದ ಮತ್ತೆ ಮತ್ತೆ ಅದುಮಿದರೆ ಚೀಲದ ಒಳಪದರ ಕೆರಳಿ, ದಪ್ಪಗಾಗಿ, ದ್ರವ ಒಸರುತ್ತದೆ. ಇದೇ ಓಲೆಕ್ರನಾನ್ ಬರ್ಸೈಟಿಸ್.

ಈ ಚೀಲಕ್ಕೂ ಕೀಲಿಗೂ ಸಂಪರ್ಕವಿಲ್ಲ. ಪರೀಕ್ಷೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಮೊಣಕೈಯನ್ನು 90 ಡಿಗ್ರಿ ಮಡಿಸಿ ಹಿಡಿದು, ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಲು ಹೇಳಿ. ಆಮೇಲೆ ಕೈಯನ್ನು ಪೂರ್ತಿ ನೀಡಿಸಿ. ಬರ್ಸೈಟಿಸ್‌ನಲ್ಲಿ ಇವೆರಡೂ ಸಲೀಸು. ಪೂರ್ತಿ ಮಡಿಸಿದಾಗ ಮಾತ್ರ ಚರ್ಮ ಬಿಗಿದು ಎಳೆತ ಬರುತ್ತದೆ. ಕೀಲಿನೊಳಗೇ ದ್ರವ ತುಂಬಿದ್ದರೆ ರೋಗಿ ಕೈಯನ್ನು ಅರೆಮಡಿಸಿಯೇ ಇಟ್ಟುಕೊಳ್ಳುತ್ತಾನೆ, ನೀಡಲು ಹೋದರೆ ನೋವು. ನಮ್ಮ ವಿದ್ಯಾರ್ಥಿಗೆ ಎರಡೂ ಸಲೀಸಾದವು. ಬಿದ್ದ ಮೇಲೆ ಬಂದ ಊತವಾದರೆ ಎಕ್ಸ್‌ರೇ ಬೇಕು, ಓಲೆಕ್ರನಾನ್ ಮುರಿದಿರಬಹುದು.

ಇನ್ನು ಮುಖ್ಯ ಪ್ರಶ್ನೆ: ಸೋಂಕು ಇದೆಯೇ? ನಿಮ್ಮ ಅಂಗೈಯ ಹಿಂಭಾಗವನ್ನು ಮೊದಲು ಸರಿಯಿರುವ ಮೊಣಕೈಗೆ, ಆಮೇಲೆ ಊದಿದ್ದಕ್ಕೆ ಇಟ್ಟು ಬಿಸಿ ಹೋಲಿಸಿ. ಊತ ಸ್ಪಷ್ಟವಾಗಿ ಬಿಸಿಯಾಗಿದ್ದು, ಸುತ್ತ ಕೆಂಪು ಹರಡಿ, ಮುಟ್ಟಿದರೆ ಕೈ ಕೊಸರಿಕೊಳ್ಳುವಷ್ಟು ನೋವಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಜ್ವರವಿಲ್ಲವೆಂದು ಸೋಂಕನ್ನು ತಳ್ಳಿಹಾಕಬೇಡಿ, ಎಷ್ಟೋ ಮಂದಿಗೆ ಜ್ವರ ಬರುವುದೇ ಇಲ್ಲ. ಹೆಚ್ಚಿನ ಸೋಂಕುಗಳಲ್ಲಿ ಸಿಗುವುದು ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ, ಅದು ಚರ್ಮದ ಸಣ್ಣ ತರಚಿನಿಂದಲೇ ಒಳಸೇರುತ್ತದೆ. ಮಧುಮೇಹ ಇದ್ದವರಲ್ಲಿ ಅನುಮಾನ ಇನ್ನಷ್ಟು ಬೇಗ ಬರಬೇಕು. ಯೂರಿಕ್ ಆಮ್ಲದ ಹರಳು ಕಟ್ಟುವ ಗೌಟ್ ಕೂಡ ಹೀಗೆಯೇ ಕೆಂಪಾಗಿ ಬಿಸಿಯಾಗಿ ಕಾಣಬಲ್ಲದು. ಅಂಥಲ್ಲಿ ದ್ರವ ತೆಗೆದು ಕೋಶಗಳ ಎಣಿಕೆ, ಕ್ರಿಮಿಗೆ ಬಣ್ಣ ಹಾಕಿ ನೋಡುವ ಗ್ರಾಮ್ ಸ್ಟೇನ್, ಕ್ರಿಮಿ ಬೆಳೆಸಿ ನೋಡುವ ಕಲ್ಚರ್, ಹರಳುಗಳ ಪರೀಕ್ಷೆ ಮಾಡಿಸದೆ ನಿರ್ಧಾರವಾಗದು.

ಬಿಸಿ, ಕೆಂಪು ಇಲ್ಲದ ನಮ್ಮ ವಿದ್ಯಾರ್ಥಿಗೆ ಸೂಜಿ ಬೇಡ. ಇಲ್ಲಿ ಹಲವರು ಎಡವುತ್ತಾರೆ: ನೀರು ಕಾಣುತ್ತಿದೆ, ಎಳೆದುಬಿಟ್ಟರಾಯಿತು ಎನಿಸುತ್ತದೆ. ಆದರೆ ಒಳಪದರ ಕೆರಳಿರುವ ತನಕ ಚೀಲ ಮತ್ತೆ ತುಂಬುತ್ತದೆ. ಅಲ್ಲಿನ ಚರ್ಮ ತೆಳು, ಸೂಜಿ ಚುಚ್ಚಿದ ದಾರಿಯಲ್ಲೇ ಕ್ರಿಮಿ ಒಳಹೋಗಬಹುದು, ಕೆಲವೊಮ್ಮೆ ಆ ತೂತು ಮಾಯದೆ ಒಸರುತ್ತಲೇ ಇರುತ್ತದೆ. ಸ್ಟಿರಾಯ್ಡ್ ಚುಚ್ಚಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ಸೋಂಕು ಅಡಗಿದ್ದರೆ ಉಲ್ಬಣಿಸುತ್ತದೆ. ಮನೆಯಲ್ಲಿ ಪಿನ್ನು ಚುಚ್ಚುವುದಂತೂ ಕೂಡದೇ ಕೂಡದು. ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವುವುದೂ ತಪ್ಪು, ಏಕೆಂದರೆ ಊತ ತಂದದ್ದೇ ಅದುಮುವಿಕೆ ಮತ್ತು ಉಜ್ಜಾಟ.

ಚಿಕಿತ್ಸೆಯ ತಿರುಳು ಆ ತುದಿಯ ಮೇಲಿನ ಭಾರವನ್ನು ತೆಗೆಯುವುದು. ಮೇಜಿಗೆ ಊರುವುದಾದರೆ ಮೊಣಕೈ ತುದಿಯಲ್ಲ, ಮುಂಗೈ ಊರಬೇಕು. ಪುಸ್ತಕವನ್ನು ಸ್ಟ್ಯಾಂಡಿಗೆ ಒರಗಿಸಿ ಎತ್ತರಕ್ಕಿಟ್ಟರೆ ತಲೆ ತಾನಾಗಿ ಮೇಲೇಳುತ್ತದೆ, ಕೆನ್ನೆಗೆ ಆಸರೆ ಬೇಕಾಗುವುದಿಲ್ಲ. ಟವೆಲನ್ನು ಸಿಂಬಿಯಂತೆ ಸುತ್ತಿ ಇಟ್ಟುಕೊಂಡರೆ ತುದಿ ನಡುವಿನ ಖಾಲಿಯಲ್ಲಿ ತೇಲುತ್ತದೆ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು 10ರಿಂದ 15 ನಿಮಿಷ, ದಿನಕ್ಕೆ ಮೂರು ಸಲ ಇಡಬಹುದು. ಕ್ರೇಪ್ ಬ್ಯಾಂಡೇಜನ್ನು ಮುಂಗೈ ನಡುವಿನಿಂದ ಮೇಲಕ್ಕೆ ಹಗುರವಾಗಿ ಸುತ್ತಿ. ಕಿರುಬೆರಳು ಜೋಮು ಹಿಡಿದರೆ ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಕೊಂಡಿದೆ, ಕೂಡಲೇ ಬಿಚ್ಚಬೇಕು. ಕೈಯನ್ನು ಅಲುಗಿಸದೆ ಕಟ್ಟಿಹಾಕುವುದು ಬೇಡ, ಕೀಲು ಬಿಗಿಯುತ್ತದೆ. ನೋವಿನ ಮಾತ್ರೆ ಬೇಕೆನಿಸಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದೆಯೇ ಎಂದು ಕೇಳಿಯೇ ಕೊಡಬೇಕು.

ಊತ ಇಳಿಯಲು ಕೆಲವು ವಾರ, ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ, ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ ಹತ್ತನೇ ದಿನಕ್ಕೆ ರೋಗಿ ಬೇರೆಡೆ ಹೋಗಿ ನೀರು ತೆಗೆಸಿಕೊಂಡು ಬಂದಿರುತ್ತಾನೆ. ನೀರು ಇಳಿದ ಮೇಲೂ ಬೆರಳಿಗೆ ಬಟಾಣಿಯಂಥ ಗಂಟುಗಳು ಸಿಕ್ಕರೆ ಅದು ದಪ್ಪಗಾದ ಒಳಪದರ, ಮೂಳೆಯ ಚೂರೆಂದು ಗಾಬರಿಯಾಗಬೇಕಿಲ್ಲ.